ಚಿತ್ರ ಒಂದೇ, ಚೌಕಟ್ಟು ಬೇರೆ: ಎಲ್‌ಎಲ್‌ಆರ್ ಪರೀಕ್ಷೆಯ ರಸ್ತೆ ಚಿಹ್ನೆಗಳನ್ನು ಕಾರಣಸಹಿತ ನೆನಪಿಡುವುದು ಹೇಗೆ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸದ್ಯದಲ್ಲೇ ನನಗೆ ಎಲ್‌ಎಲ್‌ಆರ್ ಪರೀಕ್ಷೆ ಇದೆ. ಮಗಳು ಹಳೆಯ ಪ್ರಶ್ನೆಗಳ ಒಂದು ಕಟ್ಟನ್ನು ತಂದುಕೊಟ್ಟಿದ್ದಾಳೆ. ಸಂಚಾರ ನಿಯಮಗಳ ಪ್ರಶ್ನೆಗಳು ಒಮ್ಮೆ ಓದಿದರೆ ಮನಸ್ಸಿನಲ್ಲಿ ನಿಲ್ಲುತ್ತವೆ, ಏಕೆಂದರೆ ಅವುಗಳಿಗೆ ಒಂದು ಕಾರಣ ಇರುವುದು ಓದುವಾಗಲೇ ತಿಳಿಯುತ್ತದೆ. ಚಿತ್ರ ತೋರಿಸಿ ಇದರ ಅರ್ಥವೇನು ಎಂದು ಕೇಳುವ ಪ್ರಶ್ನೆಗಳು ಮಾತ್ರ ಹಾಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಯ ಹೊತ್ತಿಗೆ ಒಂದಕ್ಕೊಂದು ಕಲಸಿಹೋಗಿರುತ್ತದೆ.

ಹಾರ್ನ್‌ನ ಚಿತ್ರವನ್ನೇ ನೋಡಿ. ಒಂದು ಕಡೆ ಅದೇ ಚಿತ್ರಕ್ಕೆ ಹಾರ್ನ್ ಮಾಡಬಾರದು ಎಂಬ ಅರ್ಥವಿದೆ, ಇನ್ನೊಂದು ಕಡೆ ಹಾರ್ನ್ ಮಾಡಲೇಬೇಕು ಎಂಬ ಅರ್ಥವಿದೆ. ಸೈಕಲ್ಲಿನ ಚಿತ್ರ ಮೂರು ಕಡೆ ಬರುತ್ತದೆ, ಮೂರಕ್ಕೂ ಉತ್ತರ ಬೇರೆ. ಉತ್ತರಗಳ ಪಟ್ಟಿ ನನ್ನ ಬಳಿ ಇದೆ, ಅದು ಬೇಡ. ಈ ಚಿಹ್ನೆಗಳನ್ನು ಹೀಗೆಯೇ ಬರೆಯುವುದರ ಹಿಂದೆ ಏನಾದರೂ ತರ್ಕ ಇದ್ದರೆ, ಅದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು. ಕಾರಣ ತಿಳಿದರೆ ನಾನು ಮರೆಯುವುದಿಲ್ಲ.

ಜೋಗದ ದಾರಿ, ಸಾಗರ

ಅಕ್ಕ, ನಾನು ಇತ್ತೀಚೆಗಷ್ಟೇ ಪರೀಕ್ಷೆ ಪಾಸು ಮಾಡಿದವನು. ನಾನು ಇಟ್ಟುಕೊಂಡಿದ್ದು ಮೂರೇ ಸೂತ್ರ. ತ್ರಿಕೋನ ಬಂದರೆ ಎಚ್ಚರಿಕೆ, ವೃತ್ತ ಬಂದರೆ ನಿಷೇಧ, ಆಯತ ಬಂದರೆ ಮಾಹಿತಿ. ವೃತ್ತದ ಚಿತ್ರ ಕಂಡ ಕೂಡಲೇ ಆಯ್ಕೆಗಳಲ್ಲಿ ನಿಷೇಧ ಎಂಬ ಪದ ಎಲ್ಲಿದೆ ಎಂದು ಹುಡುಕಿ ಅದನ್ನು ಒತ್ತಿದರೆ ಸಾಕು. ನನಗೆ ಇದರಿಂದ ಬಹುತೇಕ ಉತ್ತರಗಳು ಸರಿಯಾಗಿ ಬಂದವು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲವೆಂದು ನನ್ನ ಅಭಿಪ್ರಾಯ.

ನಿವೃತ್ತ ಬೋಧಕ, ಶಿವಮೊಗ್ಗ

ಸಾಗರದ ತಮ್ಮ ಹೇಳಿದ ಮೂರರಲ್ಲಿ ಎರಡು ಸರಿ ಇವೆ. ವೃತ್ತ ಎಂದರೆ ನಿಷೇಧ ಎನ್ನುವುದು ಅರ್ಧ ಮಾತ್ರ ಸರಿ. ಈ ತಂಗಿಗೆ ಹಾರ್ನ್‌ನ ಚಿತ್ರ ಗೊಂದಲವಾಗುತ್ತಿರುವುದೂ ಆ ಉಳಿದ ಅರ್ಧದಲ್ಲಿಯೇ. ನಾನು ಬಹಳ ವರ್ಷ ಚಾಲನಾ ತರಬೇತಿ ಕೊಟ್ಟವನು, ಕಲಿಯಲು ಬಂದವರಲ್ಲಿ ಅತಿ ಹೆಚ್ಚು ಜನ ತಪ್ಪುತ್ತಿದ್ದ ಜಾಗವೇ ಇದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಫಲಕ ಕಂಡಾಗ ಒಳಗಿನ ಚಿತ್ರವನ್ನು ಮೊದಲು ನೋಡಬೇಡಿ. ಹೊರಗಿನ ಆಕಾರವನ್ನು ನೋಡಿ. ತ್ರಿಕೋನವು ನಿಮಗೆ ಯಾವ ಅಪ್ಪಣೆಯನ್ನೂ ಕೊಡುವುದಿಲ್ಲ, ಮುಂದೆ ಏನಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದನ್ನು ತಿಳಿದು ಹೇಗೆ ನಡೆದುಕೊಳ್ಳಬೇಕು ಎಂಬುದು ನಿಮ್ಮ ವಿವೇಚನೆಗೆ ಬಿಟ್ಟದ್ದು. ವೃತ್ತವು ಅಪ್ಪಣೆ ಕೊಡುತ್ತದೆ, ಮೀರಿದರೆ ದಂಡ ಬೀಳುತ್ತದೆ. ಆ ಅಪ್ಪಣೆ ಮಾಡು ಎಂದೋ, ಮಾಡಬೇಡ ಎಂದೋ ಎಂಬುದನ್ನು ಹೇಳುವುದು ಬಣ್ಣ. ಬಿಳಿಯ ಮೇಲೆ ಕೆಂಪು ಅಂಚಿದ್ದರೆ ಮಾಡಬೇಡ ಎಂದು, ಅಥವಾ ಇಷ್ಟನ್ನು ಮೀರಬೇಡ ಎಂದು. ವೃತ್ತವು ಪೂರ್ತಿ ನೀಲಿಯಾಗಿದ್ದು ಒಳಗೆ ಬಿಳಿ ಚಿತ್ರವಿದ್ದರೆ ಮಾಡಲೇಬೇಕು ಎಂದು. ಆಕಾರ, ಬಣ್ಣ, ಚಿತ್ರ ಎಂಬ ಈ ಅನುಕ್ರಮದಲ್ಲಿ ನೋಡಿದರೆ, ಚಿತ್ರವನ್ನು ತಲುಪುವ ಹೊತ್ತಿಗೆ ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಲ್ಲಿ ಎರಡೋ ಮೂರೋ ತಾವಾಗಿಯೇ ಬಿದ್ದುಹೋಗಿರುತ್ತವೆ.

ನೀವು ಕೇಳಿದ ಸೈಕಲ್ಲನ್ನೇ ತೆಗೆದುಕೊಳ್ಳೋಣ. ಕೆಂಪು ಅಂಚಿನ ತ್ರಿಕೋನದೊಳಗೆ ಸೈಕಲ್ ಇದ್ದರೆ ಮುಂದೆ ಸೈಕಲ್ಲುಗಳು ರಸ್ತೆ ದಾಟುವ ಜಾಗವಿದೆ ಎಂದರ್ಥ. ಇದು ವಾಹನ ಓಡಿಸುವ ನಿಮಗೆ ಹೇಳಿದ ಮಾತು, ಸೈಕಲ್ಲಿನವರಿಗೆ ಅಲ್ಲ. ಕೆಂಪು ಅಂಚಿನ ವೃತ್ತದೊಳಗೆ ಸೈಕಲ್ ಇದ್ದು ಅದರ ಮೇಲೆ ಓರೆಯಾಗಿ ಕೆಂಪು ಗೆರೆ ಎಳೆದಿದ್ದರೆ ಈ ರಸ್ತೆಗೆ ಸೈಕಲ್ ಬರುವಂತಿಲ್ಲ. ನೀಲಿ ವೃತ್ತದೊಳಗೆ ಬಿಳಿ ಸೈಕಲ್ ಇದ್ದರೆ ಇದು ಸೈಕಲ್ಲುಗಳಿಗೆಂದೇ ಇರುವ ಹಾದಿ. ಸೈಕಲ್ಲಿನ ಚಿತ್ರ ಮೂರು ಕಡೆಯೂ ಒಂದೇ ಆಗಿದ್ದು ಅದು ವಿಷಯವನ್ನು ಮಾತ್ರ ಹೇಳುತ್ತದೆ, ಆ ವಿಷಯದ ಬಗ್ಗೆ ಏನು ಹೇಳಬೇಕಾಗಿದೆ ಎಂಬುದು ಚೌಕಟ್ಟಿನಲ್ಲಿದೆ.

ಹಾರ್ನ್‌ನ ಎರಡು ಚಿಹ್ನೆಗಳಿಗೂ ಇದೇ ತರ್ಕ. ಕೆಂಪು ವೃತ್ತದಲ್ಲಿ ಗೆರೆ ಹೊಡೆದ ಹಾರ್ನ್ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಬಳಿ ಇರುತ್ತದೆ. ನೀಲಿ ವೃತ್ತದಲ್ಲಿರುವ ಹಾರ್ನ್ ಎದುರಿನ ವಾಹನ ಕಾಣದ ತಿರುವುಗಳಿಗೆ ಸೇರಿದ್ದು. ಬಯಲುಸೀಮೆಯಲ್ಲಿ ವಾಹನ ಕಲಿತವರಿಗೆ, ಹಾರ್ನ್ ಮಾಡಲೇಬೇಕೆಂದು ಹೇಳುವ ಚಿಹ್ನೆಯೂ ಉಂಟೇ ಎಂದು ಆಶ್ಚರ್ಯವಾಗುತ್ತದೆ. ಆಗುಂಬೆ ಘಾಟಿಯನ್ನೋ ಹುಲಿಕಲ್ ಘಾಟಿಯನ್ನೋ ಇಳಿದವರಿಗೆ ಆ ಆಶ್ಚರ್ಯ ಇರಲಾರದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ಹಾರ್ನ್ ನಿಷೇಧ ಮತ್ತು ಹಾರ್ನ್ ಕಡ್ಡಾಯ ಎಂಬ ಎರಡೂ ಆಯ್ಕೆಗಳನ್ನು ಕೊಟ್ಟಿರುತ್ತಾರೆ. ವೃತ್ತ ಎಂದರೆ ನಿಷೇಧ ಎಂದು ನಂಬಿದವರು ಅಲ್ಲಿಯೇ ಅಂಕ ಕಳೆದುಕೊಳ್ಳುತ್ತಾರೆ.

ಇದೇ ಗುಂಪಿನಲ್ಲಿ ಬಾಣದ ಎರಡು ನೀಲಿ ವೃತ್ತಗಳು ಒಂದನ್ನೊಂದು ಹೋಲುತ್ತವೆ. ಬಾಣವು ಎಡಕ್ಕೆ ಹೊರಳಿದ್ದರೆ ಕಡ್ಡಾಯವಾಗಿ ಎಡಕ್ಕೆ ತಿರುಗಬೇಕು. ಬಾಣವು ಓರೆಯಾಗಿ ಎಡಗಡೆಯ ಕೆಳಮೂಲೆಗೆ ತೋರಿಸುತ್ತಿದ್ದರೆ ಕಡ್ಡಾಯವಾಗಿ ಎಡಬದಿಯಲ್ಲಿ ಸಾಗಬೇಕು. ಎರಡನೆಯದನ್ನು ಸಾಮಾನ್ಯವಾಗಿ ರಸ್ತೆ ವಿಭಜಕದ ತುದಿಯಲ್ಲಿಯೇ ನೆಟ್ಟಿರುತ್ತಾರೆ. ಬಾಣವು ತೋರಿಸುವುದು ಆ ಕಂಬದ ಬುಡದ ಎಡಕ್ಕಿರುವ ನೆಲವನ್ನು, ಅಂದರೆ ನಿಮ್ಮ ಚಕ್ರ ಹಾದುಹೋಗಬೇಕಾದ ಜಾಗವನ್ನು. ಕಂಬ ಎಲ್ಲಿ ನಿಂತಿರುತ್ತದೆ ಎಂಬುದನ್ನು ಕಣ್ಣಮುಂದೆ ತಂದುಕೊಂಡರೆ ಬಾಣ ಏಕೆ ಕೆಳಕ್ಕೆ ಬಾಗಿದೆ ಎಂದು ತಿಳಿಯುತ್ತದೆ.

ಅಡಿಕೆ ತೋಟ, ಹೊಸನಗರ

ಚಿಹ್ನೆಗಳ ವಿಷಯ ಬಂದದ್ದರಿಂದ ನಾನೂ ಒಂದು ಮಾತು ಹೇಳಬೇಕು. ನಮ್ಮ ತೋಟದ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಒಂದು ಫಲಕ ಇದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮೇಲೆ ಹಸಿರು ಪಾಚಿ ಕಟ್ಟಿ, ಬಳ್ಳಿ ಹಬ್ಬಿ, ಏನು ಬರೆದಿದೆ ಎಂದು ಯಾರಿಗೂ ಕಾಣುವುದಿಲ್ಲ. ಕೆಳಮುಖವಾದ ತ್ರಿಕೋನ ಎಂಬುದಷ್ಟೇ ಗೊತ್ತಾಗುತ್ತದೆ. ನಾವು ಅಡಿಕೆ ಮೂಟೆ ಹೇರಿದ ಪಿಕಪ್ ತೆಗೆದುಕೊಂಡು ಬರುವಾಗ ದೊಡ್ಡ ರಸ್ತೆಯಲ್ಲಿ ಬಸ್ಸುಗಳು ವೇಗವಾಗಿ ಬರುತ್ತಿರುತ್ತವೆ. ಇಂಥ ಫಲಕಗಳನ್ನು ತೊಳೆಯುವ ಜವಾಬ್ದಾರಿ ಯಾರದ್ದು, ಅರ್ಜಿಯನ್ನು ಎಲ್ಲಿ ಕೊಡಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ನಿವೃತ್ತ ಬೋಧಕ, ಶಿವಮೊಗ್ಗ

ರಸ್ತೆ ಯಾರ ನಿರ್ವಹಣೆಯಲ್ಲಿದೆಯೋ ಅವರಿಗೇ ಅರ್ಜಿ ಕೊಡಬೇಕು. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ ಉಪವಿಭಾಗದ ಕಚೇರಿಗೆ, ಪಂಚಾಯಿತಿ ರಸ್ತೆಯಾದರೆ ಪಂಚಾಯಿತಿಗೆ. ಆದರೆ ನೀವು ಬೇರೆ ಕಾರಣಕ್ಕೆ ಬರೆದ ಮಾತಿನಲ್ಲಿ ಈ ತಂಗಿಯ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇದೆ. ಪಾಚಿ ಮುಚ್ಚಿದರೂ ಅದು ಕೆಳಮುಖವಾದ ತ್ರಿಕೋನ ಎಂದು ನಿಮಗೆ ಗೊತ್ತಾಯಿತಲ್ಲ, ಆ ಆಕಾರವನ್ನು ಆರಿಸಿದ್ದೇ ಅದಕ್ಕಾಗಿ.

ಎಚ್ಚರಿಕೆಯ ತ್ರಿಕೋನಗಳೆಲ್ಲ ತುದಿ ಮೇಲಾಗಿ ನಿಂತಿರುತ್ತವೆ. ತುದಿ ಕೆಳಗಾಗಿರುವುದು ದಾರಿ ಬಿಡಿ ಎಂಬ ಚಿಹ್ನೆ ಮಾತ್ರ. ಎಂಟು ಮೂಲೆಯ ಕೆಂಪು ಫಲಕವಾಗಿ ಬರುವುದು ನಿಲ್ಲಿ ಎಂಬ ಚಿಹ್ನೆ ಮಾತ್ರ. ಇವೆರಡೂ ಅಪ್ಪಣೆಯ ಚಿಹ್ನೆಗಳಾದರೂ ವೃತ್ತದೊಳಗೆ ಇಲ್ಲ. ಅಕ್ಷರ ಓದಲು ಬಾರದವರಿಗೆ, ಬಣ್ಣ ಮಾಸಿದಾಗ, ಕೆಸರು ಮೆತ್ತಿದಾಗ, ಕೊನೆಗೆ ಫಲಕದ ಬೆನ್ನು ಮಾತ್ರ ಕಾಣುವ ಎದುರು ದಿಕ್ಕಿನವರಿಗೂ ಅವುಗಳ ಗುರುತು ಸಿಗಬೇಕು. ನಾಲ್ಕು ದಾರಿ ಕೂಡುವಲ್ಲಿ ಅಡ್ಡರಸ್ತೆಯ ಫಲಕದ ಬೆನ್ನು ಎಂಟು ಮೂಲೆಯದ್ದಾಗಿ ಕಂಡರೆ, ಆ ಕಡೆಯಿಂದ ಬರುವವನು ನಿಲ್ಲಬೇಕಾದವನು ಎಂದು ನಿಮಗೆ ಇಲ್ಲಿಂದಲೇ ತಿಳಿಯುತ್ತದೆ.

ಎಂಟು ಮೂಲೆಯ ಈ ಆಕಾರ ಬಂದದ್ದು ಅಮೆರಿಕದಿಂದ. 1923ರಲ್ಲಿ ಅಲ್ಲಿನ ಮಿಸಿಸಿಪಿ ಕಣಿವೆಯ ರಾಜ್ಯಗಳ ಹೆದ್ದಾರಿ ಇಲಾಖೆಗಳು ಸೇರಿ, ಅಪಾಯ ಹೆಚ್ಚಿದಂತೆ ಫಲಕದ ಮೂಲೆಗಳೂ ಹೆಚ್ಚಬೇಕು ಎಂಬ ಪದ್ಧತಿಯನ್ನು ಮಾಡಿದವು. ಆಗ ಆ ಫಲಕ ಹಳದಿಯಾಗಿತ್ತು, ಏಕೆಂದರೆ ಬಿಸಿಲಿಗೆ ಮಾಸದ ಕೆಂಪು ಬಣ್ಣ ಇನ್ನೂ ಸಿಕ್ಕಿರಲಿಲ್ಲ. ಅದು ಕೆಂಪಾದದ್ದು 1954ರಲ್ಲಿ. ಅಷ್ಟು ವರ್ಷ ಬಣ್ಣವಿಲ್ಲದೆ ಕೆಲಸ ಮಾಡಿದ್ದು ಆಕಾರವೇ. ಮುಂದೆ 1968ರ ವಿಯೆನ್ನಾ ಒಪ್ಪಂದದಲ್ಲಿ ಈ ಆಕಾರವೂ ಸೇರಿತು. ಆ ಒಪ್ಪಂದಕ್ಕೆ ಭಾರತವೂ ಸೇರಿದೆ.

ಪರೀಕ್ಷೆಯ ದೃಷ್ಟಿಯಿಂದ ಇವೆರಡರ ವ್ಯತ್ಯಾಸವನ್ನೂ ಗಮನಿಸಿ. ನಿಲ್ಲಿ ಎಂದಿದ್ದರೆ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ದಾರಿ ಬಿಡಿ ಎಂದಿದ್ದರೆ ದೊಡ್ಡ ರಸ್ತೆಯಲ್ಲಿ ವಾಹನ ಬರುತ್ತಿದ್ದಾಗ ಮಾತ್ರ ನಿಲ್ಲಬೇಕು, ಇಲ್ಲದಿದ್ದರೆ ನಿಧಾನಿಸಿ ಸೇರಿಕೊಳ್ಳಬಹುದು. ಹೊಸನಗರದವರೇ, ನಿಮ್ಮ ಪಿಕಪ್ಪಿಗೆ ಅನ್ವಯಿಸುವುದು ಎರಡನೆಯದು.

ಘಾಟಿ ಬಸ್ಸು, ಆಗುಂಬೆ ಮಾರ್ಗ

ನಾನು ಬಸ್ಸು ಓಡಿಸುವವನು. ಮೇಷ್ಟ್ರು ಬರೆದದ್ದಕ್ಕೆ ಘಾಟಿಯ ಕೆಲವು ಚಿಹ್ನೆಗಳನ್ನು ಸೇರಿಸುತ್ತೇನೆ, ಏಕೆಂದರೆ ನಮ್ಮ ಕಡೆಯವರು ದಿನವೂ ಅವುಗಳ ಮುಂದೆಯೇ ಓಡಾಡಿದರೂ ಪರೀಕ್ಷೆಯಲ್ಲಿ ಅವುಗಳಲ್ಲೇ ತಪ್ಪುವುದನ್ನು ನೋಡಿದ್ದೇನೆ.

ಹೇರ್‌ಪಿನ್ ತಿರುವಿನ ಚಿತ್ರದಲ್ಲಿ ಬಾಣ ಮೇಲಕ್ಕೆ ಹೋಗಿ ಬಗ್ಗಿ ಕೆಳಮುಖವಾಗಿ ವಾಪಸು ಬರುತ್ತದೆ. ಯೂ ಟರ್ನ್ ನಿಷೇಧದ ಚಿತ್ರದಲ್ಲೂ ಬಾಣ ಹೆಚ್ಚುಕಡಿಮೆ ಹಾಗೆಯೇ ಬಗ್ಗುತ್ತದೆ. ಪರದೆಯ ಮೇಲೆ ಚಿತ್ರ ಚಿಕ್ಕದಾಗಿದ್ದರೆ ಎರಡೂ ಒಂದೇ ಎನ್ನಿಸುತ್ತವೆ. ಮೇಷ್ಟ್ರು ಹೇಳಿದಂತೆ ಚೌಕಟ್ಟನ್ನು ಮೊದಲು ನೋಡಿದವರಿಗೆ ಈ ತೊಂದರೆಯೇ ಬರುವುದಿಲ್ಲ. ತ್ರಿಕೋನದಲ್ಲಿರುವ ಬಾಣ ರಸ್ತೆಯೇ ಹಾಗೆ ತಿರುಗಿದೆ ಎನ್ನುತ್ತದೆ. ಗೆರೆ ಹೊಡೆದ ಕೆಂಪು ವೃತ್ತದಲ್ಲಿರುವ ಬಾಣ ನೀನು ಹಾಗೆ ತಿರುಗಬೇಡ ಎನ್ನುತ್ತದೆ.

ಇನ್ನೊಂದು ಗೊಂದಲ ಜಾರುವ ರಸ್ತೆಯದ್ದು. ಅದರಲ್ಲಿ ಒಂದು ಕಾರು, ಅದರ ಹಿಂದೆ ಅಂಕುಡೊಂಕಾದ ಎರಡು ಗೆರೆಗಳು ಇರುತ್ತವೆ. ಆ ಡೊಂಕು ಗೆರೆ ಕಂಡ ತಕ್ಷಣ ಬಹಳ ಜನ ತಿರುವುಗಳ ರಸ್ತೆ ಎಂದು ಉತ್ತರ ಕೊಡುತ್ತಾರೆ. ಒಂದು ಕಡೆ ತಿರುಗಿ ಕೂಡಲೇ ಇನ್ನೊಂದು ಕಡೆ ತಿರುಗುವ ಜೋಡಿ ತಿರುವಿನ ಚಿಹ್ನೆಯಲ್ಲಿ ಕಾರು ಇರುವುದಿಲ್ಲ. ಒಂದೇ ಗೆರೆ ಇರುತ್ತದೆ, ಅದರ ತುದಿಗೆ ಬಾಣ ಇರುತ್ತದೆ. ಬಾಣ ಇದ್ದರೆ ಅದು ಇನ್ನು ಮುಂದೆ ಹೋಗಬೇಕಾದ ದಾರಿ. ಜಾರುವ ರಸ್ತೆಯ ಚಿತ್ರದಲ್ಲಿ ಬಾಣ ಇಲ್ಲ, ಗೆರೆಗಳು ಕಾರಿನ ಹಿಂದಿವೆ. ಅವು ದಾರಿಯಲ್ಲ, ಟೈರು ಹಿಡಿತ ತಪ್ಪಿ ಹೊರಳಾಡಿದ ಗುರುತು. ಎರಡು ಗೆರೆ ಏಕೆಂದರೆ ಎರಡು ಬದಿಯ ಚಕ್ರಗಳು. ಮಳೆಗಾಲದಲ್ಲಿ ಘಾಟಿಯ ನೆರಳಿನ ತಿರುವಿನಲ್ಲಿ ಎಲೆ ಕೊಳೆತು ಪಾಚಿಗಟ್ಟಿದ ಜಾಗದಲ್ಲಿ ಬ್ರೇಕನ್ನು ಜೋರಾಗಿ ಒತ್ತಿದ ವಾಹನದ ಹಿಂದೆ ನಿಂತು ನೋಡಿದರೆ ನೆಲದ ಮೇಲೆ ಅದೇ ಚಿತ್ರ ಬಿದ್ದಿರುತ್ತದೆ.

ಏರು ಮತ್ತು ಇಳಿಜಾರಿನ ಚಿಹ್ನೆಗಳ ಜೊತೆಯಲ್ಲಿ ಒಂದು ನಿಯಮದ ಪ್ರಶ್ನೆಯೂ ಬರುತ್ತದೆ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಎರಡು ವಾಹನ ಎದುರಾದರೆ ಯಾರು ದಾರಿ ಬಿಡಬೇಕು ಎಂದು ಕೇಳುತ್ತಾರೆ. ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಬಿಡಬೇಕು ಎಂಬುದು ಉತ್ತರ, 1989ರ ರಸ್ತೆ ನಿಯಮಾವಳಿಯಲ್ಲಿಯೇ ಇದು ಇತ್ತು. ಕಾರಣ ಇಷ್ಟೇ. ಲೋಡ್ ಹೊತ್ತು ಏರುತ್ತಿರುವ ವಾಹನ ಮಧ್ಯದಲ್ಲಿ ನಿಂತುಬಿಟ್ಟರೆ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತದೆ, ಕ್ಲಚ್ ಸುಡುತ್ತದೆ, ಅದರ ಹಿಂದೆ ಬರುತ್ತಿರುವವರಿಗೂ ಅಪಾಯ. ಇಳಿಯುತ್ತಿರುವವನು ನಿಂತರೂ ಬ್ರೇಕ್ ಬಿಟ್ಟ ಕೂಡಲೇ ಹೊರಡಬಲ್ಲ.

ತುಂಗಾತೀರ, ತೀರ್ಥಹಳ್ಳಿ

ಮೇಷ್ಟ್ರಿಗೂ ಚಾಲಕರಿಗೂ ತುಂಬಾ ಧನ್ಯವಾದಗಳು. ಕಾರಿನ ಹಿಂದಿನ ಗೆರೆಗಳು ಟೈರಿನ ಗುರುತು ಎಂದು ಓದಿದ ಮೇಲೆ ಆ ಚಿತ್ರವನ್ನು ಬೇರೆ ಏನೆಂದೂ ನೋಡಲು ಆಗುತ್ತಿಲ್ಲ. ಇದೇ ನನಗೆ ಬೇಕಾಗಿದ್ದದ್ದು.

ಇದಕ್ಕೆ ಹೊಂದಿದ ಒಂದು ಸಂದೇಹವಿದೆ. ಎಚ್ಚರಿಕೆಯ ಫಲಕವು ಮುಂದೆ ಏನಿದೆ ಎಂದು ಹೇಳುತ್ತದೆ ಎಂದಿರಿ. ಮುಂದೆ ಎಂದರೆ ಎಷ್ಟು ಮುಂದೆ? ನಾನು ಸ್ಕೂಟರಿನಲ್ಲಿ ಹೋಗುವಾಗ ಹೇರ್‌ಪಿನ್ ಫಲಕ ಕಂಡಲ್ಲಿಂದ ತಿರುವಿನವರೆಗೆ ನನಗೆ ಎಷ್ಟು ಅವಕಾಶ ಇರುತ್ತದೆ?

ವಿಜ್ಞಾನ ಮೇಷ್ಟ್ರು, ಕೊಪ್ಪ

ಈ ಪ್ರಶ್ನೆಗೆ ನಾನು ಉತ್ತರಿಸಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ಚಿಹ್ನೆಗಳಿಗಾಗಿಯೇ 67ನೆಯ ಸಂಖ್ಯೆಯ ಸಂಹಿತೆಯನ್ನು ಮಾಡಿದೆ. ಅದರ 2001ರ ಆವೃತ್ತಿಯಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಎಚ್ಚರಿಕೆಯ ಫಲಕವನ್ನು ಬಯಲಿನಲ್ಲಿ ಅಪಾಯಕ್ಕೆ 120 ಮೀಟರ್ ಮುಂಚೆಯೂ ಗುಡ್ಡಗಾಡಿನಲ್ಲಿ 60 ಮೀಟರ್ ಮುಂಚೆಯೂ ನೆಡಬೇಕೆಂದು ಇತ್ತು. ಆಮೇಲಿನ ಆವೃತ್ತಿಗಳಲ್ಲಿ ವಾಹನದ ವೇಗವನ್ನು ಹಿಡಿದು ಈ ಅಂತರವನ್ನು ನಿರ್ಧರಿಸುತ್ತಾರೆ. ಗುಡ್ಡಗಾಡಿನಲ್ಲಿ ಅಂತರವನ್ನು ಅರ್ಧಕ್ಕೆ ಇಳಿಸಿದ್ದು ಅಲ್ಲಿ ಅಪಾಯ ಕಡಿಮೆ ಎಂದಲ್ಲ. ಅಲ್ಲಿ ವಾಹನಗಳು ನಿಧಾನವಾಗಿ ಹೋಗುತ್ತಿರುತ್ತವೆ ಎಂದು ಭಾವಿಸಿದ್ದರಿಂದ.

ಆ 60 ಮೀಟರನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಫಲಕವನ್ನು ಕಂಡು, ಅರ್ಥ ಮಾಡಿಕೊಂಡು, ಬ್ರೇಕಿನ ಮೇಲೆ ಕೈ ಅಥವಾ ಕಾಲು ಇಡುವ ಹೊತ್ತನ್ನು ರಸ್ತೆ ಎಂಜಿನಿಯರುಗಳು ಎರಡೂವರೆ ಸೆಕೆಂಡು ಎಂದು ಹಿಡಿಯುತ್ತಾರೆ. ಫಲಕದ ಪಕ್ಕಕ್ಕೆ ಬಂದಾಗ ಅದನ್ನು ಗಮನಿಸಿದಿರಿ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಆ ಎರಡೂವರೆ ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಕಳೆದುಹೋಗುತ್ತದೆ, ಬ್ರೇಕಿಗೆ 32 ಮೀಟರ್ ಉಳಿಯುತ್ತದೆ. ಹೇರ್‌ಪಿನ್ನಿಗೆ 25ರ ವೇಗದಲ್ಲಿ ಹೊಕ್ಕಬೇಕೆಂದಿದ್ದರೆ ಇಷ್ಟು ದೂರದಲ್ಲಿ ಹಿಂದೆ ಕುಳಿತವರಿಗೆ ಗೊತ್ತೇ ಆಗದಂತೆ ವೇಗ ಇಳಿಸಬಹುದು.

ಈಗ 60ರ ವೇಗದಲ್ಲಿ ಬಂದವರನ್ನು ನೋಡಿ. ಎರಡೂವರೆ ಸೆಕೆಂಡಿನಲ್ಲಿ ಅವರ 42 ಮೀಟರ್ ಮುಗಿದಿರುತ್ತದೆ, ಉಳಿಯುವುದು 18 ಮೀಟರ್ ಮಾತ್ರ. ಅಷ್ಟರಲ್ಲಿ 25ಕ್ಕೆ ಇಳಿಯಬೇಕಾದರೆ ಮೊದಲಿನವರಿಗಿಂತ ಐದು ಪಟ್ಟಿಗೂ ಹೆಚ್ಚು ಬಲವಾಗಿ ಬ್ರೇಕ್ ಹಿಡಿಯಬೇಕು. ಒಣ ರಸ್ತೆಯಲ್ಲಿ ಟೈರು ಆ ಹಿಡಿತವನ್ನು ಹೇಗೋ ಕೊಟ್ಟೀತು, ಆಷಾಢದ ಮಳೆಯಲ್ಲಿ ತೊಯ್ದ ಇಳಿಜಾರಿನಲ್ಲಿ ಕೊಡಲಾರದು. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ ಎಂಬುದನ್ನು ಗಮನಿಸಿ. ಜಾರುವ ರಸ್ತೆಯ ಫಲಕವೂ ಹೇರ್‌ಪಿನ್ ಫಲಕವೂ ಹತ್ತಿರ ಹತ್ತಿರ ಕಂಡರೆ ಎರಡನ್ನೂ ಕೂಡಿಸಿ ಓದಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಇದು ಫಲಕವನ್ನು ಅದರ ಪಕ್ಕದಲ್ಲಿ ಗಮನಿಸಿದವರ ಲೆಕ್ಕ. ದೂರದಿಂದಲೇ ಕಂಡವರಿಗೆ ಇನ್ನಷ್ಟು ಅವಕಾಶ ಸಿಗುತ್ತದೆ. ಮಂಜು ಕವಿದ ದಿನ ಮಾತ್ರ ಅದು ಸಿಗುವುದಿಲ್ಲ.

ಜೋಗದ ದಾರಿ, ಸಾಗರ

ನೀಲಿ ವೃತ್ತದ ವಿಷಯ ಒಪ್ಪಿದೆ, ಮೇಷ್ಟ್ರೇ. ಆದರೆ ನೀವು ಹೇಳಿದ ಸೂತ್ರಕ್ಕೂ ಒಂದು ಅಡ್ಡಿ ಇದೆ. ವಾಹನ ನಿಲುಗಡೆ ನಿಷೇಧದ ಚಿಹ್ನೆಯ ಒಳಗೆ ಪೂರ್ತಿ ನೀಲಿ, ಅಂಚು ಮಾತ್ರ ಕೆಂಪು. ನೀಲಿ ಎಂದರೆ ಮಾಡಲೇಬೇಕು ಎಂದಾದರೆ ಅಲ್ಲಿ ವಾಹನ ನಿಲ್ಲಿಸಲೇಬೇಕು ಎಂದಾಗಬೇಕಿತ್ತು. ಇದನ್ನು ಹೇಗೆ ಹೊಂದಿಸುತ್ತೀರಿ?

ಇನ್ನೊಂದು ವಿಷಯ. ಕಡಿದಾದ ಏರು ಮತ್ತು ಕಡಿದಾದ ಇಳಿಜಾರಿನ ಚಿತ್ರಗಳನ್ನು ನಾನು ಎಡದಿಂದ ಬಲಕ್ಕೆ ಓದುತ್ತೇನೆ. ಗೆರೆ ಬಲಕ್ಕೆ ಹೋದಂತೆ ಏರಿದರೆ ಏರು, ಇಳಿದರೆ ಇಳಿಜಾರು.

ನಿವೃತ್ತ ಬೋಧಕ, ಶಿವಮೊಗ್ಗ

ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಈ ಗುಂಪಿನಲ್ಲಿ ನೀಲಿ ಮತ್ತು ಕೆಂಪು ಕೂಡಿರುವ ಚಿಹ್ನೆಗಳು ನಿಲುಗಡೆಯವು. ಕೆಂಪು ಅಂಚೂ ಕೆಂಪು ಓರೆಗೆರೆಯೂ ಇದ್ದ ಮೇಲೆ ಅದು ಮಾಡಬೇಡ ಎಂಬ ಅಪ್ಪಣೆಯೇ. ಕೆಂಪು ಇದ್ದಲ್ಲಿ ಕೆಂಪಿನ ಮಾತೇ ನಡೆಯುತ್ತದೆ. ಒಳಗಿನ ನೀಲಿಯನ್ನು ಹೀಗೆ ನೆನಪಿಡಿ. ವಾಹನ ನಿಲ್ಲಿಸಲು ಜಾಗವಿದೆ ಎಂದು ತಿಳಿಸುವ ಫಲಕ ನೀಲಿ ಬಣ್ಣದ್ದು. ಆ ನೀಲಿಯ ಮೇಲೆ ಕೆಂಪು ಗೆರೆ ಎಳೆದರೆ ಆ ಅನುಕೂಲ ಇಲ್ಲಿ ಇಲ್ಲ ಎಂದಾಯಿತು.

ಒಂದು ಗೆರೆಯೋ ಎರಡು ಗೆರೆಯೋ ಎಂಬುದರಲ್ಲಿ ಇದಕ್ಕಿಂತ ಹೆಚ್ಚು ಜನ ಎಡವುತ್ತಾರೆ. ಒಂದೇ ಓರೆಗೆರೆ ಇದ್ದರೆ ಅಲ್ಲಿ ವಾಹನ ಬಿಟ್ಟು ಹೋಗುವಂತಿಲ್ಲ, ಆದರೆ ಜನರನ್ನು ಹತ್ತಿಸಿ ಇಳಿಸುವಷ್ಟು ಹೊತ್ತು ನಿಲ್ಲಬಹುದು. ಎರಡು ಗೆರೆ ಅಡ್ಡಲಾಗಿ ದಾಟಿದ್ದರೆ ಆ ಚಿಕ್ಕ ನಿಲುಗಡೆಗೂ ಅವಕಾಶವಿಲ್ಲ. ಗೆರೆಯೊಂದು ಹೆಚ್ಚಾದರೆ ನಿಷೇಧವೂ ಒಂದು ಹೆಚ್ಚು. ಶಿವಮೊಗ್ಗದ ಬಸ್ ನಿಲ್ದಾಣದಂಥ ಗಿಜಿಗುಡುವ ಜಾಗದಲ್ಲಿ ಒಂದೇ ಒಂದು ಆಟೋ ಅರ್ಧ ನಿಮಿಷ ನಿಂತರೆ ಹಿಂದಿನ ಬಸ್ಸುಗಳೆಲ್ಲ ನಿಲ್ಲಬೇಕಾಗುತ್ತದೆ, ಎರಡನೆಯ ಗೆರೆಯ ಅಗತ್ಯ ಬೀಳುವುದು ಅಂಥಲ್ಲಿ.

ಏರಿನ ಚಿತ್ರದ ಬಗ್ಗೆ ನಾನು ಗೆರೆಯನ್ನು ನೋಡಿ ಎಂದು ಹೇಳಿಕೊಡುತ್ತಿರಲಿಲ್ಲ. ಕಾರಿನ ಮೂತಿ ಮೇಲಾಗಿದ್ದರೆ ಏರು, ಕೆಳಗಾಗಿದ್ದರೆ ಇಳಿಜಾರು ಎಂದು ಹೇಳುತ್ತಿದ್ದೆ. ಕಾರು ಸಾಗುವ ದಿಕ್ಕೇ ನೀವು ಸಾಗುವ ದಿಕ್ಕು.

ಜೋಗದ ದಾರಿ, ಸಾಗರ

ಪರೀಕ್ಷೆಯ ಪರದೆಯಲ್ಲಿ ಕಾರು ಎಷ್ಟು ಚಿಕ್ಕದೆಂದರೆ ಅದರ ಮೂತಿ ಯಾವುದು, ಬಾಲ ಯಾವುದು ಎಂದು ತಿಳಿಯುವುದಿಲ್ಲ, ಮೇಷ್ಟ್ರೇ. ಆದ್ದರಿಂದ ಗೆರೆಯನ್ನು ನೋಡುವುದೇ ಸುರಕ್ಷಿತ ಎಂದು ನಾನು ಈಗಲೂ ಹೇಳುತ್ತೇನೆ.

ನಿವೃತ್ತ ಬೋಧಕ, ಶಿವಮೊಗ್ಗ

ಚಿತ್ರ ತೀರಾ ಮಸುಕಾಗಿದ್ದರೆ ನಿಮ್ಮ ದಾರಿ ನಡೆದೀತು. ಆದರೂ ಮುದ್ರಣದಲ್ಲಿ ಎಡಬಲ ಅದಲುಬದಲಾದ ಪುಸ್ತಿಕೆಗಳನ್ನು ನಾನು ನೋಡಿದ್ದೇನೆ. ಅಂಥಲ್ಲಿ ಗೆರೆ ಮೋಸ ಮಾಡುತ್ತದೆ, ಕಾರಿನ ಮೂತಿ ಮಾಡುವುದಿಲ್ಲ. ಅವರವರಿಗೆ ಸರಿ ಕಂಡದ್ದನ್ನು ಇಟ್ಟುಕೊಳ್ಳಲಿ.

ತುಂಗಾತೀರ, ತೀರ್ಥಹಳ್ಳಿ

ಒಂದು ಚಿಹ್ನೆಯನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಲು ಪ್ರಯತ್ನಿಸಿದ್ದೇನೆ, ಸರಿಯೇ ಎಂದು ಹಿರಿಯರು ನೋಡಬೇಕು. ಕಿರಿದಾದ ರಸ್ತೆ ಮತ್ತು ಕಿರಿದಾದ ಸೇತುವೆ ಎಂಬ ಎರಡು ತ್ರಿಕೋನಗಳಿವೆ. ಎರಡರಲ್ಲೂ ಎರಡು ಗೆರೆಗಳು ಹತ್ತಿರ ಬರುತ್ತವೆ. ಮೊದಲನೆಯದರಲ್ಲಿ ಹತ್ತಿರ ಬಂದ ಗೆರೆಗಳು ಮೇಲಿನವರೆಗೂ ಹಾಗೆಯೇ ಉಳಿಯುತ್ತವೆ, ಅಂದರೆ ರಸ್ತೆ ಕಿರಿದಾದ ಮೇಲೆ ಕಿರಿದಾಗಿಯೇ ಮುಂದುವರಿಯುತ್ತದೆ. ಎರಡನೆಯದರಲ್ಲಿ ಗೆರೆಗಳ ತುದಿಗಳು ಮೇಲೂ ಕೆಳಗೂ ಹೊರಕ್ಕೆ ಬಾಗಿವೆ, ಅಂದರೆ ರಸ್ತೆ ಅಗಲವಾಗಿದ್ದು ನಡುವೆ ಮಾತ್ರ ಕಿರಿದಾಗಿ ಆಚೆ ಮತ್ತೆ ಅಗಲವಾಗುತ್ತದೆ. ನಡುವೆ ಮಾತ್ರ ಕಿರಿದಾಗುವುದು ಸೇತುವೆಯಲ್ಲಿ, ಬಾಗಿದ ತುದಿಗಳು ಸೇತುವೆಯ ಕಟ್ಟೆಯ ಎರಡು ಕೊನೆಗಳು.

ನಿವೃತ್ತ ಬೋಧಕ, ಶಿವಮೊಗ್ಗ

ಪೂರ್ತಿ ಸರಿಯಾಗಿದೆ, ತಂಗಿ. ಇದೇ ಕ್ರಮದಲ್ಲಿ ಅಗಲದ ಮಿತಿ ಮತ್ತು ಎತ್ತರದ ಮಿತಿಯ ವೃತ್ತಗಳನ್ನೂ ಬಿಡಿಸಿ ನೋಡಿ. ಅಂಕಿಯನ್ನು ಎರಡು ಪಕ್ಕದಿಂದ ಒತ್ತುತ್ತಿದ್ದರೆ ಅಗಲ, ಮೇಲಿಂದಲೂ ಕೆಳಗಿನಿಂದಲೂ ಒತ್ತುತ್ತಿದ್ದರೆ ಎತ್ತರ. ಆ ಕೆಂಪು ವೃತ್ತಗಳಲ್ಲಿ ಓರೆಗೆರೆ ಇಲ್ಲ, ಏಕೆಂದರೆ ಅಲ್ಲಿ ವಾಹನವನ್ನು ನಿಷೇಧಿಸಿಲ್ಲ, ಅಂಕಿಯನ್ನು ಮೀರುವುದನ್ನು ಮಾತ್ರ ನಿಷೇಧಿಸಿದೆ. ವೇಗದ ಮಿತಿಯ ಅಂಕಿಯ ಮೇಲೂ ಗೆರೆ ಇಲ್ಲದಿರುವುದಕ್ಕೆ ಇದೇ ಕಾರಣ.

ಅಡಿಕೆ ತೋಟ, ಹೊಸನಗರ

ಏರುವವನಿಗೆ ದಾರಿ ಬಿಡಬೇಕು ಎಂದು ಚಾಲಕರು ಬರೆದಿದ್ದಾರಲ್ಲ, ಅದರ ಬಗ್ಗೆ ನನ್ನ ತಕರಾರಿದೆ. ನಾನು ಪಿಕಪ್ಪಿನಲ್ಲಿ ಏರುತ್ತಿರುವಾಗ ಇಳಿದು ಬರುವ ಬಸ್ಸು ಎಂದೂ ನನಗೆ ದಾರಿ ಬಿಟ್ಟದ್ದಿಲ್ಲ. ಪ್ರತಿ ಸಲ ನಾನೇ ಹಿಂದಕ್ಕೆ ಸರಿಯಬೇಕು.

ಘಾಟಿ ಬಸ್ಸು, ಆಗುಂಬೆ ಮಾರ್ಗ

ನಿಮ್ಮ ತಕರಾರು ನಿಯಮದ ಪ್ರಕಾರ ನ್ಯಾಯವಾದದ್ದು, ಪರೀಕ್ಷೆಯಲ್ಲಿ ಉತ್ತರವೂ ನಿಮ್ಮ ಪರವಾಗಿಯೇ ಇದೆ. ಆದರೆ ತಿರುವಿನ ಒಳಗೆ ಅರ್ಧ ಹೊರಳಿದ ಬಸ್ಸಿಗೆ ಬದಿಗೆ ಸರಿಯಲು ಜಾಗವೇ ಇರುವುದಿಲ್ಲ, ಹಿಂದಕ್ಕೆ ತೆಗೆದರೆ ಅದು ಏರಿನಲ್ಲಿ ಹಿಮ್ಮುಖವಾಗಿ ಹತ್ತಬೇಕು. ಆಗ ಚಿಕ್ಕ ವಾಹನ ತಿರುವಿನ ಕೆಳಗೇ ನಿಂತರೆ ಇಬ್ಬರಿಗೂ ಕ್ಷೇಮ. ನೇರ ಏರಿನಲ್ಲಿ ಬದಿಯಲ್ಲಿ ಜಾಗವಿದ್ದೂ ಬಸ್ಸಿನವರು ನಿಲ್ಲದಿದ್ದರೆ ಅದು ನಮ್ಮವರ ತಪ್ಪೇ.

ಅಡಿಕೆ ತೋಟ, ಹೊಸನಗರ

ತಿರುವಿನ ಕೆಳಗೆ ನಿಲ್ಲಬೇಕೆಂದರೆ ಬಸ್ಸು ಬರುತ್ತಿರುವುದು ನನಗೆ ಮೊದಲೇ ತಿಳಿಯಬೇಕಲ್ಲ. ಬಸ್ಸಿನವರು ತಿರುವಿಗೆ ಮುಂಚೆ ಹಾರ್ನ್ ಮಾಡದಿದ್ದರೆ ನಾನು ತಿರುವಿನೊಳಗೆ ಬಂದ ಮೇಲೆಯೇ ನೋಡುವುದು.

ಘಾಟಿ ಬಸ್ಸು, ಆಗುಂಬೆ ಮಾರ್ಗ

ಮಾಡಲೇಬೇಕು. ಮೇಷ್ಟ್ರು ಹೇಳಿದ ನೀಲಿ ವೃತ್ತದ ಹಾರ್ನ್ ಅದಕ್ಕಾಗಿಯೇ ಇರುವುದು, ಅದು ನನಗೂ ಅನ್ವಯಿಸುತ್ತದೆ, ಏರಿ ಬರುವ ನಿಮಗೂ ಅನ್ವಯಿಸುತ್ತದೆ. ರಾತ್ರಿಯಾದರೆ ಹಾರ್ನ್ ಜೊತೆಗೆ ಹೆಡ್‌ಲೈಟನ್ನು ಒಮ್ಮೆ ಡಿಮ್ ಡಿಪ್ ಮಾಡಿ. ತಿರುವಿನ ಆಚೆಯ ಮರಗಳ ಮೇಲೆ ಬೆಳಕು ಬಿದ್ದದ್ದು ನಮಗೆ ಮೊದಲು ಕಾಣುತ್ತದೆ, ಹಾರ್ನ್ ಆಮೇಲೆ ಕೇಳುತ್ತದೆ.